ರಿಲೇ ಬೋರ್ಡ್: 230 ವೋಲ್ಟ್ ಬದಿಯ ಅಗಲ, ಅಂತರ

ಪ್ರಶ್ನೆ: ಮೊದಲ ಸಲ ಪಿಸಿಬಿ ಮಾಡ್ತಿದ್ದೇನೆ. ರಿಲೇಯಲ್ಲಿ 230 ವೋಲ್ಟ್, 5 ಆಂಪಿಯರ್ ಹರಿಯಬೇಕು. ಟ್ರೇಸ್ ಎಷ್ಟು ಅಗಲ, ಅಂತರ ಎಷ್ಟು?

ಉತ್ತರ: ತಾಮ್ರ 35 ಮೈಕ್ರಾನ್ ದಪ್ಪವಿದ್ದು, ಟ್ರೇಸ್ ಹೊರಪದರದಲ್ಲಿದ್ದರೆ, 5 ಆಂಪಿಯರ್‌ಗೆ ಸುಮಾರು 2.8 ಮಿ.ಮೀ. ಅಗಲ ಸಾಕು, ಆಗ ಬಿಸಿ 10 ಡಿಗ್ರಿಯಷ್ಟೇ ಏರುತ್ತದೆ. ಜಾಗವಿದ್ದರೆ 4 ಮಾಡಿ. 10 ಆಂಪಿಯರ್‌ಗೆ ಎರಡರಷ್ಟು ಅಗಲ ಸಾಲದು, ಎರಡೂವರೆ ಪಟ್ಟಿಗೂ ತುಸು ಹೆಚ್ಚು ಬೇಕು.

ಹೊಸಬರು ಎಡವುವುದು ಅಂತರದಲ್ಲಿ. ಮೇನ್ಸ್‌ಗೂ 5 ವೋಲ್ಟ್ ಬದಿಗೂ ನಡುವೆ ಬೋರ್ಡಿನ ಮೇಲ್ಮೈ ಉದ್ದಕ್ಕೂ 6 ಮಿ.ಮೀ. ಆದರೂ ಇರಲಿ, ನಾನಂತೂ 8 ಬಿಡುತ್ತೇನೆ. ಆದರೆ ಆ ನೀಲಿ ಡಬ್ಬಿ ರಿಲೇಗಳಲ್ಲಿ ಮೇನ್ಸ್ ಬರುವ ಕಾಮನ್ ಪಿನ್ 5 ವೋಲ್ಟ್ ಬದಿಯ ಕಾಯಿಲ್ ಪಿನ್‌ಗಳ ನಡುವೆಯೇ ಕೂತಿರುತ್ತದೆ. ಪ್ಯಾಡ್‌ಗಳ ಅಗಲ ಕಳೆದರೆ ಉಳಿಯುವುದು 4 ಮಿ.ಮೀ. ಆಸುಪಾಸು. ಅಲ್ಲಿ ಕಾಮನ್ ಪಿನ್ನಿನ ಸುತ್ತ 1 ಮಿ.ಮೀ.ಗಿಂತ ಅಗಲದ ಸ್ಲಾಟ್ ಕೊರೆಸಿ, ಮೇಲ್ಮೈ ದಾರಿ ಸ್ಲಾಟನ್ನು ಸುತ್ತಿಬಳಸಿ ಹೋಗುವಷ್ಟು ಉದ್ದವಾಗಿ. ಗ್ರೌಂಡ್ ತಾಮ್ರ ಮೇನ್ಸ್ ಕಡೆ ತಾನಾಗಿ ತುಂಬಿಕೊಳ್ಳದಂತೆ ಕೀಪ್‌ಔಟ್ ಹಾಕಿ. ಸಾಫ್ಟ್‌ವೇರ್ ಮಾಡುವ ನಿಯಮ ತಪಾಸಣೆ, ಅಂದರೆ ಡಿಆರ್‌ಸಿಯಲ್ಲಿ ಮೇನ್ಸ್ ನೆಟ್‌ಗಳಿಗೆ ಬೇರೆ ನಿಯಮ ಕೊಡದಿದ್ದರೆ, 0.2 ಮಿ.ಮೀ. ಅಂತರವನ್ನೂ ಅದು ಸುಮ್ಮನೆ ಪಾಸ್ ಮಾಡುತ್ತದೆ.