ತಾರಸಿಯ ಬಿಸಿ ತಡೆಯಲು ಆರ್ಕಿಟೆಕ್ಟ್‌ಗೆ ಬರೆಯುವ ಪತ್ರದಲ್ಲಿ ಏನೇನು ಕೇಳಬೇಕು?

ಪ್ರಶ್ನೆ: ರಾಯಚೂರಿನಲ್ಲಿ ನಮ್ಮದು 25 ವರ್ಷ ಹಳೆಯ ಆರ್‌ಸಿಸಿ ಮನೆ. ಬೇಸಿಗೆ ರಾತ್ರಿ ಮೇಲಿನ ರೂಮಿನಲ್ಲಿ ಮಲಗೋಕೆ ಆಗಲ್ಲ. ದೀಪಾವಳಿ ಆದ್ಮೇಲೆ ರಿನೋವೇಶನ್ ಇದೆ. ತಾರಸಿ ಇನ್ಸುಲೇಶನ್‌ಗೆ ಯಾವ್ಯಾವ ದಾರಿ ಇದೆ, ಯಾವುದಕ್ಕೆ ಎಷ್ಟು ಖರ್ಚು ಅಂತ ಹೋಲಿಸಿ ಕೊಡಿ ಎಂದು ಆರ್ಕಿಟೆಕ್ಟ್‌ಗೆ ಪತ್ರ ಬರೀಬೇಕು. ಹೇಗೆ ಬರೀಲಿ?

ಉತ್ತರ: ನಾನು ಬಳ್ಳಾರಿಯವನು. ಇದೇ ಕೆಲಸವನ್ನು ನಮ್ಮ ಮನೆಗೆ ಮಾಡಿಸಿದ್ದೇನೆ. ಮೊದಲ ಸಲ ನಾನು ಬರೆದದ್ದು ಒಂದೇ ಸಾಲು: "ತಾರಸಿ ಬಿಸಿಯಾಗದ ಹಾಗೆ ಏನಾದರೂ ಮಾಡಿ, ರೇಟ್ ಹೇಳಿ." ಬಂದದ್ದು ಎರಡು ಕೊಟೇಶನ್. ಒಂದು ಚದರಡಿಗೆ 95 ರೂಪಾಯಿ, ಇನ್ನೊಂದು 160. ಸಹಜವಾಗಿಯೇ 95ರ ಕಡೆ ವಾಲಿದೆ. ಕೂತು ಓದಿದಾಗ ಗೊತ್ತಾಯಿತು, ಅದರಲ್ಲಿ ವಾಟರ್‌ಪ್ರೂಫಿಂಗ್ ಇರಲಿಲ್ಲ, ಮೇಲಿನ ಟೈಲ್ಸ್ ಇರಲಿಲ್ಲ. ಅವೆರಡನ್ನೂ ಸೇರಿಸಿದರೆ 180 ದಾಟುತ್ತಿತ್ತು. ತಪ್ಪು ಅವರದಲ್ಲ, ನಾನು ಕೇಳಿದ ರೀತಿಯದು.

ಹಾಗಾಗಿ ಪತ್ರದಲ್ಲಿ ಎರಡು ವಿಷಯ ಕಟ್ಟುನಿಟ್ಟಾಗಿರಲಿ. ಎಲ್ಲ ಆಯ್ಕೆಗಳನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯಬೇಕು, ಎಲ್ಲದರ ಖರ್ಚಿನಲ್ಲೂ ಒಂದೇ ಕೆಲಸಗಳು ಸೇರಿರಬೇಕು.

ಆ ಅಳತೆಗೋಲಿಗೆ ಯು-ವ್ಯಾಲ್ಯೂ ಅನ್ನುತ್ತಾರೆ. ತಾರಸಿಯ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ ಒಂದು ಚದರ ಮೀಟರಿನಲ್ಲಿ ಎಷ್ಟು ವಾಟ್ ಶಾಖ ಹಾಯುತ್ತದೆ ಎನ್ನುವ ಲೆಕ್ಕ ಅದು. ಕಡಿಮೆ ಇದ್ದಷ್ಟೂ ಒಳ್ಳೆಯದು. ಬರೀ 5 ಇಂಚಿನ ಸ್ಲ್ಯಾಬಿಗೆ ಇದು ಸುಮಾರು 3.4. ಕೇಂದ್ರ ಸರ್ಕಾರದ ವಸತಿ ಕಟ್ಟಡಗಳ ಇಂಧನ ಸಂಹಿತೆ, ಅಂದರೆ 2018ರ ಇಕೋ-ನಿವಾಸ್ ಸಂಹಿತೆ, ಛಾವಣಿಗೆ ಇಟ್ಟಿರುವ ಮಿತಿ 1.2. ನಮ್ಮ ಕಡೆ ಎಲ್ಲರೂ ಹಾಕಿಸುವ ನಾಲ್ಕು ಇಂಚಿನ ಇಟ್ಟಿಗೆ ಚೂರಿನ ಸುರ್ಕಿ ಕಾಂಕ್ರೀಟ್ ಆ 3.4ನ್ನು 2.4ರ ಆಸುಪಾಸಿಗೆ ತರುತ್ತದೆ, ಅಷ್ಟೆ. ಮೇಲಾಗಿ ಅದು ಹಗಲೆಲ್ಲ ಹೀರಿದ ಬಿಸಿಯನ್ನು ರಾತ್ರಿ ನಿಧಾನವಾಗಿ ಕೆಳಗೆ ಬಿಡುತ್ತದೆ. ನಿಮ್ಮ ದೂರು ರಾತ್ರಿಯದೇ ಆಗಿರುವುದರಿಂದ ಇದನ್ನು ಗಮನಿಸಿ.

ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮ್ ಹಲಗೆಯನ್ನು ಒಂದು ಇಂಚು ಹಾಕಿದರೆ ಯು-ವ್ಯಾಲ್ಯೂ 0.9ಕ್ಕೆ ಇಳಿಯುತ್ತದೆ. ಎರಡು ಇಂಚಿಗೆ 0.54, ಮೂರು ಇಂಚಿಗೆ 0.38. ಮೊದಲ ಇಂಚೇ ಬಹುಪಾಲು ಕೆಲಸ ಮಾಡಿಬಿಡುತ್ತದೆ, ಮೂರನೆಯದು ಉಳಿಸುವುದು ಅತ್ಯಲ್ಪ. ಆದರೆ ಹಲಗೆಯ ಮೇಲಿನ ಕಾಂಕ್ರೀಟ್ ಹಾಸು, ಟೈಲ್ಸ್, ಕೂಲಿಯ ಖರ್ಚು ಎಲ್ಲ ದಪ್ಪಕ್ಕೂ ಒಂದೇ. ನನಗೆ ಒಂದರಿಂದ ಎರಡು ಇಂಚಿಗೆ ಹೋಗಲು ಚದರಡಿಗೆ ಹೆಚ್ಚಾದದ್ದು ಸುಮಾರು 25 ರೂಪಾಯಿ ಮಾತ್ರ, ಅದಕ್ಕೇ ಎರಡು ಇಂಚು ಹಾಕಿಸಿದೆ. ದರವನ್ನು ದಪ್ಪದ ಪ್ರಕಾರ ಬೇರೆ ಬೇರೆಯಾಗಿ ಕೇಳದಿದ್ದರೆ ಇದು ಕಾಣಿಸುವುದೇ ಇಲ್ಲ.

ಬಿಳಿ ಕೂಲ್-ರೂಫ್ ಪೇಂಟಿನ ದಾರಿ ಬೇರೆ. ಅದು ಶಾಖವನ್ನು ತಡೆಯುವುದಿಲ್ಲ, ಬಿಸಿಲನ್ನು ವಾಪಸ್ ಕಳಿಸುತ್ತದೆ, ಆದ್ದರಿಂದ ಯು-ವ್ಯಾಲ್ಯೂನಲ್ಲಿ ಅದರ ಗುಣ ಕಾಣುವುದಿಲ್ಲ. ನನಗೆ ಚದರಡಿಗೆ 28 ರೂಪಾಯಿ ಹೇಳಿದ್ದರು. ದುಡ್ಡು ಬಿಗಿ ಇದ್ದರೆ ಮೊದಲು ಇದನ್ನೇ ಮಾಡಿಸಿ. ಆದರೆ ನಮ್ಮೂರುಗಳ ಧೂಳು ನಿಮಗೆ ಗೊತ್ತೇ ಇದೆ. ಆಗಾಗ ತೊಳೆಯದಿದ್ದರೆ ಬೆಳ್ಳಗಿದ್ದದ್ದು ಒಂದೇ ಬೇಸಿಗೆಯಲ್ಲಿ ಮಾಸುತ್ತದೆ.

ಸ್ಲ್ಯಾಬಿನ ಕೆಳಗೆ ಫಾಲ್ಸ್ ಸೀಲಿಂಗ್ ಮಾಡಿ ಒಳಗೆ ಗ್ಲಾಸ್‌ವೂಲ್ ತುಂಬುವುದೂ ಉಂಟು. ಮಳೆಗಾಲದಲ್ಲೂ ಮಾಡಬಹುದು ಅನ್ನುವುದೊಂದು ಅನುಕೂಲ. ಆದರೆ ಸ್ಲ್ಯಾಬು ಬಿಸಿಲಲ್ಲೇ ಕಾಯುತ್ತಿರುತ್ತದೆ. ದಿನವೂ ಹಿಗ್ಗಿ ಕುಗ್ಗುವ ಹಳೆಯ ಸ್ಲ್ಯಾಬಿನ ಬಿರುಕುಗಳು ಹಾಗೇ ಬೆಳೆಯುತ್ತವೆ, ಸೋರಿದರೂ ಸೀಲಿಂಗಿನ ಹಿಂದೆ ತಕ್ಷಣ ಕಾಣುವುದಿಲ್ಲ. ನನ್ನ ಒಲವು ಮೇಲಿನಿಂದ ಹಾಕುವುದಕ್ಕೇ.

ಪತ್ರ ಹೀಗಿರಬಹುದು, ಅಳತೆಗಳನ್ನು ನಿಮ್ಮ ಮನೆಗೆ ತಕ್ಕಂತೆ ಬದಲಿಸಿಕೊಳ್ಳಿ:

> ಮಾನ್ಯರೇ, ನಮಸ್ಕಾರ.
>
> ನಮ್ಮ ಮನೆಯ ರಿನೋವೇಶನ್ ಶುರುವಾಗುವ ಮುಂಚೆ ತಾರಸಿಯ ಶಾಖ ನಿರೋಧದ ಬಗ್ಗೆ ತೀರ್ಮಾನಕ್ಕೆ ಬರಬೇಕಿದೆ. ತಾರಸಿ ಸುಮಾರು 950 ಚದರಡಿ, 5 ಇಂಚಿನ ಆರ್‌ಸಿಸಿ, ಅದರ ಮೇಲೆ ಹಳೆಯ ಸುರ್ಕಿ ಹಾಸು ಇದೆ. ಮೆಟ್ಟಿಲ ಕೋಣೆಯ ಪಕ್ಕ ಒಂದು ಕಡೆ ಮಳೆಗಾಲದಲ್ಲಿ ಒದ್ದೆಯಾಗುತ್ತದೆ. ಮಾರ್ಚ್‌ನಿಂದ ಮೇವರೆಗೆ ರಾತ್ರಿ ಹನ್ನೊಂದಾದರೂ ಮೇಲಿನ ಕೋಣೆಯ ಸೀಲಿಂಗ್ ಮುಟ್ಟಿದರೆ ಬಿಸಿ ಇರುತ್ತದೆ. ತಾರಸಿಯಲ್ಲಿ ಬಟ್ಟೆ, ಹಪ್ಪಳ ಒಣಗಿಸುತ್ತೇವೆ, ಆದ್ದರಿಂದ ಮೇಲೆ ಓಡಾಡುವಂತಿರಬೇಕು.
>
> ದಯವಿಟ್ಟು ಈ ನಾಲ್ಕನ್ನು ಹೋಲಿಸಿ ಕೊಡಿ: ಬಿಳಿ ಪೇಂಟ್ ಮಾತ್ರ, ಹೊಸ ಸುರ್ಕಿ ಹಾಸು ಮತ್ತು ಬಿಳಿ ಟೈಲ್ಸ್, ಎಕ್ಸ್‌ಪಿಎಸ್ ಹಲಗೆಯ ಮೇಲೆ ಕಾಂಕ್ರೀಟ್ ಹಾಸು ಮತ್ತು ಬಿಳಿ ಟೈಲ್ಸ್ (ಒಂದು, ಎರಡು, ಮೂರು ಇಂಚಿಗೆ ಬೇರೆ ಬೇರೆ ದರ), ಕೆಳಗಿನಿಂದ ಗ್ಲಾಸ್‌ವೂಲ್ ಮತ್ತು ಫಾಲ್ಸ್ ಸೀಲಿಂಗ್.
>
> ಪ್ರತಿಯೊಂದಕ್ಕೂ ಯು-ವ್ಯಾಲ್ಯೂ, ಪ್ರತಿ ಚದರ ಮೀಟರಿಗೆ ಬೀಳುವ ತೂಕ, ಹೆಚ್ಚಾಗುವ ದಪ್ಪ ಮತ್ತು ಎಷ್ಟು ವರ್ಷಕ್ಕೊಮ್ಮೆ ಮತ್ತೆ ಖರ್ಚು ಬರುತ್ತದೆ ಎಂಬುದು ಬೇಕು. ಖರ್ಚಿನಲ್ಲಿ ಹಳೆಯ ಹಾಸು ಕಿತ್ತು ಸಾಗಿಸುವುದು, ಬಿರುಕು ರಿಪೇರಿ, ವಾಟರ್‌ಪ್ರೂಫಿಂಗ್, ಟೈಲ್ಸ್, ಕೂಲಿ, ಜಿಎಸ್‌ಟಿ ಎಲ್ಲ ಸೇರಿರಲಿ. ಯಾವುದಾದರೂ ಸೇರಿಲ್ಲದಿದ್ದರೆ ಅದನ್ನೂ ಬರೆಯಿರಿ.
>
> ಹಳೆಯ ಸುರ್ಕಿ ಕೀಳದೆ ಅದರ ಮೇಲೇ ಹಾಕಿದರೆ ಸ್ಲ್ಯಾಬು ತಾಳುತ್ತದೆಯೇ ಎಂದು ಸ್ಟ್ರಕ್ಚರಲ್ ಇಂಜಿನಿಯರ್ ಅಭಿಪ್ರಾಯವೂ ಬೇಕು. ಈ ಹೋಲಿಕೆ ಮಾಡಿಕೊಡಲು ನಿಮ್ಮ ಶುಲ್ಕ ಎಷ್ಟು ಎಂಬುದನ್ನೂ ತಿಳಿಸಿ.
>
> ವಂದನೆಗಳು.

ತೂಕವನ್ನು ಯಾಕೆ ಕೇಳಿದೆ ಅಂದರೆ, ನಾಲ್ಕು ಇಂಚಿನ ಸುರ್ಕಿ ಹಾಸು ಚದರ ಮೀಟರಿಗೆ ಹತ್ತಿರ ಹತ್ತಿರ 190 ಕೆಜಿ ಬರುತ್ತದೆ. 950 ಚದರಡಿ ಅಂದರೆ 88 ಚದರ ಮೀಟರ್, ಒಟ್ಟು ಹದಿನಾರು ಟನ್ನಿಗೂ ಹೆಚ್ಚು. ಓಡಾಡುವ ತಾರಸಿಗೆ ಜನ, ಸಾಮಾನುಗಳ ಲೆಕ್ಕಕ್ಕೆ ವಿನ್ಯಾಸದಲ್ಲಿ ಹಿಡಿಯುವುದೇ ಚದರ ಮೀಟರಿಗೆ ಸುಮಾರು 150 ಕೆಜಿ. ಹಳೆಯದನ್ನು ಕೀಳದೆ ಅದರ ಮೇಲೆ ಇನ್ನೊಂದು ಹಾಸು ಹಾಕುವ ಮೇಸ್ತ್ರಿಗಳಿದ್ದಾರೆ, ಹುಷಾರು. ಎರಡು ಇಂಚಿನ ಎಕ್ಸ್‌ಪಿಎಸ್ ಚದರ ಮೀಟರಿಗೆ ಎರಡು ಕೆಜಿಯೂ ಇಲ್ಲ. ಅಲ್ಲಿ ತೂಕ ಇರುವುದು ಅದರ ಮೇಲಿನ ಕಾಂಕ್ರೀಟ್ ಹಾಸಿನಲ್ಲಿ.

ದಪ್ಪದ ಪಾಠ ನನಗೆ ಕೆಲಸ ಶುರುವಾದ ಮೇಲೆ ಆಯಿತು. ಹಲಗೆ, ಹಾಸು, ಟೈಲ್ಸ್ ಸೇರಿ ತಾರಸಿ ನಾಲ್ಕೂವರೆ ಇಂಚು ಏರಿತು. ಮೆಟ್ಟಿಲ ಕೋಣೆಯ ಹೊಸ್ತಿಲು ತಾರಸಿಯ ಮಟ್ಟಕ್ಕೇ ಬಂದು, ಜೋರು ಮಳೆಗೆ ನೀರು ಒಳಗೆ ನುಗ್ಗಿತು. ಹೊಸ್ತಿಲು ಎತ್ತರಿಸಿ ಬಾಗಿಲು ಕೊಯ್ಯಿಸಬೇಕಾಯಿತು. ನೀರು ಹೋಗುವ ಕೊಳವೆಯ ಬಾಯಿ, ಸೋಲಾರ್ ಹೀಟರಿನ ಕಾಲು, ಪ್ಯಾರಾಪೆಟ್ಟಿನ ಎತ್ತರ ಇವನ್ನೂ ಮೊದಲೇ ನೋಡಿಕೊಳ್ಳಿ.

ಉತ್ತರ ಬಂದಾಗ ಪದರಗಳ ಕ್ರಮ ನೋಡಿ. ಸ್ಲ್ಯಾಬು, ಅದರ ಮೇಲೆ ಇಳಿಜಾರು ಮತ್ತು ವಾಟರ್‌ಪ್ರೂಫಿಂಗ್, ಆಮೇಲೆ ಎಕ್ಸ್‌ಪಿಎಸ್ ಎಂದಿದ್ದರೆ ಸರಿ. ವಾಟರ್‌ಪ್ರೂಫಿಂಗ್ ಕೂಡ ಬಿಸಿಲಿನಿಂದ ಉಳಿಯುತ್ತದೆ. ಎಕ್ಸ್‌ಪಿಎಸ್ ಬದಲು ಅಗ್ಗದ ಥರ್ಮೋಕೋಲ್ ಬರೆದಿದ್ದರೆ ಒಪ್ಪಬೇಡಿ, ಈ ಜಾಗದಲ್ಲಿ ಅದು ನೀರು ಹೀರಿಕೊಂಡು ಗುಣ ಕಳೆದುಕೊಳ್ಳುತ್ತದೆ. ಹಲಗೆ ಹಾಸುವ ಮುಂಚೆ ಕೊಳವೆಗಳ ಬಾಯಿ ಮುಚ್ಚಿ, ಎರಡು ದಿನ ನೀರು ನಿಲ್ಲಿಸಿ, ಕೆಳಗಿನ ಸೀಲಿಂಗನ್ನು ನೀವೇ ಟಾರ್ಚ್ ಹಿಡಿದು ನೋಡಿ. ಟೈಲ್ಸ್ ಬಿದ್ದ ಮೇಲೆ ಸೋರುವ ಜಾಗ ಹುಡುಕಬೇಕೆಂದರೆ ಎಲ್ಲವನ್ನೂ ಮತ್ತೆ ಕೀಳಬೇಕಾಗುತ್ತದೆ.