ಪೇಮೆಂಟ್ ಆ್ಯಪ್‌ಗೆ ಹೆಸರು ಹುಡುಕುವವರು ಮೊದಲು ಎಸ್‌ಎಂಎಸ್ ನೋಡಿ

ಪ್ರಶ್ನೆ: ಮೊದಲ ಸಲ ಫೋನಿನಲ್ಲಿ ದುಡ್ಡು ಕಳಿಸುವವರಿಗೆ, ವಯಸ್ಸಾದವರಿಗೆ ಅಂತ ಯುಪಿಐ ಆ್ಯಪ್ ಮಾಡುತ್ತಿದ್ದೇವೆ. ಕೇಳಿದ ಕೂಡಲೇ ನಂಬಿಕೆ ಬರುವ ಹೆಸರು ಬೇಕು. ‘ಸುರಕ್ಷಾ’ ಥರದ್ದು ಹೇಗೆ?

ಸುರಕ್ಷಾ ಬೇಡ. ನಾನು ಮೊದಲಿದ್ದ ಕಂಪನಿ ಇಟ್ಟಿದ್ದು ಆ ಪದದಿಂದಲೇ ಶುರುವಾಗುವ ಹೆಸರು. ತಿಪಟೂರಿನ ಕಡೆ ಹಿರಿಯರ ಫೋನಿಗೆ ಆ್ಯಪ್ ಹಾಕಿಕೊಡುವ ಕೆಲಸ ನನ್ನದಾಗಿತ್ತು. ಹೆಸರು ಕೇಳಿ ಯಾರೂ ಬೇಡ ಅನ್ನಲಿಲ್ಲ. ತೊಂದರೆ ಶುರುವಾಗಿದ್ದು ಹಾಕಿಕೊಟ್ಟ ಮೇಲೆ.

ಯುಪಿಐ ನೋಂದಣಿ ಹೇಗೆ ನಡೆಯುತ್ತದೆ ನೋಡಿ. ಸಿಮ್ ಆರಿಸಿದ ತಕ್ಷಣ ಆ ಫೋನಿನಿಂದಲೇ ಒಂದು ಎಸ್‌ಎಂಎಸ್ ಹೊರಗೆ ಹೋಗುತ್ತದೆ. ಅದರ ತುಂಬಾ ಅರ್ಥವಾಗದ ಅಕ್ಷರಗಳು. ಖಾತೆ ಸಿಕ್ಕ ಮೇಲೆ ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ ಕೇಳುತ್ತದೆ, ಒಟಿಪಿ ಬರುತ್ತದೆ, ಆಮೇಲೆ ಪಿನ್. ಈ ನಡುವೆ ‘ನೋಂದಣಿ ಶುರುವಾಗಿದೆ, ನೀವಲ್ಲದಿದ್ದರೆ ಬ್ಯಾಂಕಿಗೆ ತಿಳಿಸಿ’ ಎಂಬ ಎಚ್ಚರಿಕೆಯೂ ಬರುತ್ತದೆ. ಹೊಸಬರಿಗೆ ಜಾಸ್ತಿ ಭಯ ಆಗುವುದು ಇಲ್ಲೇ. ಆ ಹೊತ್ತಿಗೆ ಅವರು ನಿಮ್ಮ ಲೋಗೋ ನೋಡುತ್ತಿರುವುದಿಲ್ಲ, ಮೆಸೇಜು ಯಾರದ್ದು ಅಂತ ನೋಡುತ್ತಿರುತ್ತಾರೆ.

ನಮ್ಮ ಕಂಪನಿ ಎಡವಿದ್ದು ಅಲ್ಲಿ. ಕಂಪನಿಗಳ ಎಸ್‌ಎಂಎಸ್ ಕಳಿಸುವವರ ಹೆಸರಿಗೆ ಹೆಡರ್ ಅಂತಾರೆ. ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದ ಪ್ರಕಾರ ಅದನ್ನು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಪೋರ್ಟಲ್‌ನಲ್ಲಿ ಮೊದಲೇ ನೋಂದಾಯಿಸಬೇಕು. ಒಟಿಪಿ, ವಹಿವಾಟಿನ ಮೆಸೇಜಿಗೆ ಸಿಗುವುದು 6 ಇಂಗ್ಲಿಷ್ ಅಕ್ಷರ ಮಾತ್ರ. ಫೋನಿನಲ್ಲಿ ಅದು `VM-ABCDEF-S` ಥರ ಕಾಣುತ್ತದೆ, ನಡುವಿನ ಆರು ಅಕ್ಷರ ನಮ್ಮವು. ಆ್ಯಪ್‌ನ ಉದ್ದದ ಹೆಸರು ಅದರಲ್ಲಿ ಹಿಡಿಯಲಿಲ್ಲ. ಕತ್ತರಿಸಿದರೆ ಸಿಗುತ್ತಿದ್ದ ಆರಕ್ಷರವನ್ನು ಬೇರೆಯವರು ಆಗಲೇ ತೆಗೆದುಕೊಂಡಿದ್ದರು. ಕೊನೆಗೆ ಕಂಪನಿಯ ನೋಂದಾಯಿತ ಹೆಸರಿನಿಂದ ವ್ಯಂಜನಗಳನ್ನಷ್ಟೇ ಹೆಕ್ಕಿ ಒಂದು ಹೆಡರ್ ಮಾಡಿದರು. ಹೆಸರಿಡುವ ತಂಡಕ್ಕೆ ಇದು ಗೊತ್ತೇ ಇರಲಿಲ್ಲ, ಯಾಕೆಂದರೆ ಹೆಡರ್ ಮಾಡಿಸುವುದು ಬೇರೆ ವಿಭಾಗದ ಕೆಲಸ. ಪಾಸ್‌ಬುಕ್ಕಿನಲ್ಲೂ ನಮ್ಮ ಆ್ಯಪ್‌ನ ಹೆಸರು ಇರುತ್ತಿರಲಿಲ್ಲ. ಯುಪಿಐ ಅಂತ ಒಂದು ಉದ್ದದ ಸಂಖ್ಯೆ, ದುಡ್ಡು ಹೋದವರ ಹೆಸರು, ಅಷ್ಟೇ.

ನಿವೃತ್ತ ಮೇಷ್ಟ್ರೊಬ್ಬರು ಕನ್ನಡಕ ಹಣೆಗೇರಿಸಿ, ಫೋನನ್ನು ಕಣ್ಣಿನ ಹತ್ತಿರ ತಂದು ಆ ಆರು ಅಕ್ಷರ ಒಂದೊಂದಾಗಿ ಓದಿದರು. “ಇದ್ಯಾರಪ್ಪಾ? ನೀನು ಹಾಕಿಕೊಟ್ಟಿದ್ದು ಬೇರೆ ಅಲ್ವಾ?” ಎಂದರು. ಗುರುತಿಲ್ಲದ ಹೆಸರಿನ ಮೆಸೇಜು ಬಂದರೆ ಮುಂದುವರಿಯಬೇಡಿ ಅಂತ ಅವರ ಮಗಳು ಹೇಳಿಟ್ಟಿದ್ದಳು. ಮೇಷ್ಟ್ರು ಶಾಖೆಗೆ ಹೋಗಿ ಡೆಬಿಟ್ ಕಾರ್ಡ್ ಬ್ಲಾಕ್ ಮಾಡಿಸಿದರು. ಅವರು ಮಾಡಿದ್ದು ನೂರಕ್ಕೆ ನೂರು ಸರಿ. ಅದೇ ಓಣಿಯ ಇನ್ನೂ ಕೆಲವರು ಅವತ್ತೇ ಆ್ಯಪ್ ತೆಗೆಸಿಬಿಟ್ಟರು.

‘ಸುರಕ್ಷಾ’ ಪದದಿಂದ ಇನ್ನೊಂದು ಪೇಚು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಹಳ್ಳಿಯ ಖಾತೆದಾರರಿಗೆ ಸುರಕ್ಷಾ ಎಂದರೆ ಆ ಇನ್ಶೂರೆನ್ಸು. ನಮ್ಮ ಆ್ಯಪ್ ಹಾಕಿದ ಮೇಲೆ ಆ 20 ರೂಪಾಯಿ ಹೋದರೆ ‘ನೀವೇ ಹಿಡಿದಿರಿ’ ಅನ್ನುತ್ತಿದ್ದರು. ಬಿಡಿಸಿ ಹೇಳುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು.

ಅದಕ್ಕೇ ‘ಕೇಳಿದ ಕೂಡಲೇ ನಂಬಿಕೆ ಬರಬೇಕು’ ಅನ್ನುವ ನಿಮ್ಮ ಗುರಿಯನ್ನೇ ನಾನು ಒಪ್ಪುವುದಿಲ್ಲ. ಹಿರಿಯರು ಕೇಳಿದ ಕೂಡಲೇ ನಂಬುವ ಹೆಸರು ಮೋಸಗಾರರಿಗೂ ಅಷ್ಟೇ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಯುಪಿಐ ಆ್ಯಪ್ ಭೀಮ್ 2016ರ ಡಿಸೆಂಬರ್ 30ಕ್ಕೆ ಬಂತು, ಸ್ವಲ್ಪ ದಿನದಲ್ಲೇ ಪ್ಲೇ ಸ್ಟೋರಿನಲ್ಲಿ ಅದೇ ಹೆಸರಿನ ನಕಲಿಗಳೂ ಬಂದವು. ನಿಮ್ಮ ಹೆಸರು ಮಾಡಬೇಕಾದ ಕೆಲಸ ಬೇರೆ. ಮೆಸೇಜು ಬಂದಾಗ ‘ಇದು ನಾನು ಹಾಕಿಸಿಕೊಂಡಿದ್ದೇ’ ಅಂತ ಅವರೇ ತಾಳೆ ನೋಡಿಕೊಳ್ಳುವಂತಿರಬೇಕು.

ಹಾಗಾಗಿ ಆರಕ್ಷರಕ್ಕೆ ಪೂರ್ತಿ ಹಿಡಿಯುವ, ಒಂದೇ ಸ್ಪೆಲ್ಲಿಂಗ್ ಇರುವ ಹೆಸರು ಹುಡುಕಿ. ‘ಕ್ಷ’ ಇದ್ದರೆ ಒಬ್ಬರು `ksh` ಬರೆದರೆ ಇನ್ನೊಬ್ಬರು `x` ಬರೆಯುತ್ತಾರೆ, ಹುಡುಕಿದಾಗ ಯಾವುದೋ ಆ್ಯಪ್ ಸಿಗುತ್ತದೆ. ‘ಪೇ’ ಬಾಲ ಅಂಟಿಸಿದರೆ ನಿಮ್ಮದು ಅಂತ ಹಿಡಿದಿಟ್ಟುಕೊಳ್ಳುವುದೂ ಕಷ್ಟ. ಈ ‘ಪೇ’ ವಿಚಾರಕ್ಕೇ ಭಾರತ್‌ಪೇ ವಿರುದ್ಧ ಫೋನ್‌ಪೇ ಹೂಡಿದ್ದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2021ರಲ್ಲಿ ಮಧ್ಯಂತರ ತಡೆ ಕೊಡಲಿಲ್ಲ.

ಹೆಸರು ಮನಸ್ಸಿಗೆ ಬಂದರೆ ನಿಮ್ಮ ಅಮ್ಮನಿಗೋ ಅತ್ತೆಗೋ ಫೋನ್ ಮಾಡಿ ಬಾಯಲ್ಲಿ ಹೇಳಿ. ಅವರು ಅದನ್ನು ಬರೆದುಕೊಳ್ಳಲಿ. ಆಮೇಲೆ ಹೆಡರ್ ಇರುವ ಮಾದರಿ ಮೆಸೇಜೊಂದನ್ನು ತೋರಿಸಿ, ಎರಡೂ ಒಂದೇನಾ ಅಂತ ಕೇಳಿ. ಲೋಗೋಗೆ ದುಡ್ಡು ಹಾಕುವ ಮೊದಲೇ ಡಿಎಲ್‌ಟಿಯಲ್ಲಿ ಆ ಆರಕ್ಷರ ಖಾಲಿ ಇದೆಯಾ ನೋಡಿ. ಸಿಗದಿದ್ದರೆ ಹೆಸರು ಎಷ್ಟೇ ಚೆನ್ನಾಗಿರಲಿ, ಬಿಟ್ಟು ಇನ್ನೊಂದು ಹುಡುಕಿ.