ಮೊಣಕೈಯ ಕೋನ ಯಾವ ಕಡೆಯದು?

"ಸಂಪಾದಕರಿಗೆ ನಮಸ್ಕಾರ. ನಾನು ಉಡುಪಿಯಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಎರಡು ತೋಳುಗಳ ರೋಬೋಟ್ ಕೈ ಒಂದು ಬಿಂದುವನ್ನು ಮುಟ್ಟಬೇಕಾದರೆ ಅದರ ಎರಡು ಕೀಲುಗಳು ಎಷ್ಟೆಷ್ಟು ತಿರುಗಬೇಕು ಎಂಬುದನ್ನು ಕೊಸೈನ್ ನಿಯಮದಿಂದ ಲೆಕ್ಕ ಹಾಕುವ ಲೇಖನ ಕಳುಹಿಸಿದ್ದೇನೆ. ತೋಳುಗಳ ಉದ್ದ 12 ಮತ್ತು 9 ಸೆಂಟಿಮೀಟರ್. (9, 12) ಬಿಂದುವಿಗೆ ಮಾಡಿ ನೋಡಿದ್ದೇನೆ, ಸರಿಯಾಗಿ ಮುಟ್ಟಿತು. ಗೆಳೆಯನೊಬ್ಬ ಬೇರೆ ಬಿಂದು ಕೊಟ್ಟಾಗ ಮಾತ್ರ ಕೈ ಎತ್ತಲೋ ಹೋಯಿತು. ಮೋಟಾರು ಅಗ್ಗದ್ದು, ಅದರ ದೋಷವಿರಬಹುದು. ಲೇಖನ ಪ್ರಕಟಣೆಗೆ ಯೋಗ್ಯವೇ? ಮುಚ್ಚುಮರೆಯಿಲ್ಲದೆ ತಿಳಿಸಿ."

ಭಾಷೆ ಸ್ವಚ್ಛವಾಗಿದೆ, ಅಕ್ಷರದೋಷ ಕಡಿಮೆ, ಚಿತ್ರಗಳನ್ನು ಸ್ಕೇಲು ಹಿಡಿದು ಬರೆದಿದ್ದೀರಿ. ಭುಜ, ಮೊಣಕೈ, ಗುರಿ ಈ ಮೂರನ್ನು ಸೇರಿಸಿದರೆ ಮೂರೂ ಬಾಹುಗಳು ಗೊತ್ತಿರುವ ತ್ರಿಕೋನ ಸಿಗುತ್ತದೆ ಎಂದು ಮೊದಲ ಪುಟದಲ್ಲೇ ಹೇಳಿದ್ದು ಒಳ್ಳೆಯದಾಯಿತು. ಹೊಗಳಿಕೆ ಇಷ್ಟು ಸಾಕು. ಮೋಟಾರಿನ ಮೇಲೆ ತಪ್ಪು ಹೊರಿಸಿದ ಮಾತು ಓದಿದ ಕೂಡಲೇ ನನ್ನ ಕೈ ಕೆಂಪು ಪೆನ್ನಿಗೆ ಹೋಯಿತು. ಆ ಮೋಟಾರು ಪಾಪದ್ದು. ನೀವು ಹೇಳಿದಷ್ಟೇ ಕೋನಕ್ಕೆ ಅದು ತಿರುಗಿದೆ. ನೀವು ಹೇಳಿದ್ದೇ ಬೇರೆ ಕೋನ.

ಎರಡನೆಯ ಪುಟದ ಈ ಎರಡು ಸಾಲು ನೋಡಿ:

```
beta = acos((L1*L1 + L2*L2 - x*x - y*y) / (2*L1*L2))
theta2 = beta
```

ಮೊದಲ ಸಾಲಿನಲ್ಲಿ ತಪ್ಪಿಲ್ಲ. ಅದು ಕೊಸೈನ್ ನಿಯಮವೇ. ಎರಡು ತೋಳುಗಳ ನಡುವೆ, ತ್ರಿಕೋನದ ಒಳಗೆ ಇರುವ ಕೋನವನ್ನು ಕೊಡುತ್ತದೆ. ಕಾಟ ಇರುವುದು ಎರಡನೆಯ ಸಾಲಿನಲ್ಲಿ. ಅದೇ ಪುಟದ ಮೇಲ್ಭಾಗದಲ್ಲಿ ನೀವೇ ಬರೆದಿದ್ದೀರಿ: "ಎರಡೂ ತೋಳುಗಳು ನೆಟ್ಟಗೆ ಒಂದೇ ಗೆರೆಯಲ್ಲಿದ್ದಾಗ ಮೊಣಕೈಯ ಮೋಟಾರು ಸೊನ್ನೆಯಲ್ಲಿರುತ್ತದೆ." ಹಾಗಾದರೆ ಮೋಟಾರಿಗೆ ಬೇಕಾದದ್ದು ಮೊದಲ ತೋಳನ್ನು ಮುಂದಕ್ಕೆ ಎಳೆದ ಗೆರೆಯಿಂದ ಎರಡನೆಯ ತೋಳು ಎಷ್ಟು ಬಾಗಿದೆ ಎಂಬ ಕೋನ. ಅದು ತ್ರಿಕೋನದ ಹೊರಗಿನದು, 180ರಿಂದ ಒಳಕೋನವನ್ನು ಕಳೆದರೆ ಬರುವಂಥದ್ದು. ತೋಳು ಪೂರ್ತಿ ಮಡಚಿರುವಾಗ ಸೊನ್ನೆ ಬರುವಂತೆ ಮೋಟಾರನ್ನು ಕೂರಿಸಿದ್ದರೆ ನಿಮ್ಮ ಸಾಲೇ ಸರಿಯಾಗುತ್ತಿತ್ತು. ನೀವು ಹಾಗೆ ಕೂರಿಸಿಲ್ಲ.

ಇನ್ನು (9, 12)ರಲ್ಲಿ ಅದು ಹೇಗೆ ಮುಟ್ಟಿತು? ನನಗೆ ಹೆಚ್ಚು ಕಿರಿಕಿರಿಯಾದದ್ದು ಇಲ್ಲಿಯೇ. ಆ ಬಿಂದು ಭುಜದಿಂದ 15 ಸೆಂಟಿಮೀಟರ್ ದೂರದಲ್ಲಿದೆ. ಬಾಹುಗಳು 9, 12, 15 ಆದರೆ ಅದು ಲಂಬಕೋನ ತ್ರಿಕೋನ ಎಂದು ಹೈಸ್ಕೂಲಿನ ಮಕ್ಕಳೂ ಹೇಳುತ್ತಾರೆ. ಒಳಕೋನ 90, ಹೊರಕೋನವೂ 90. ತಪ್ಪು ಸೂತ್ರವೂ ಸರಿ ಸೂತ್ರವೂ ಒಂದೇ ಉತ್ತರ ಕೊಡುವ ದೂರ ಈ ಕೈಗೆ ಇರುವುದು ಒಂದೇ ಒಂದು, ನೀವು ಹುಡುಕಿ ಹುಡುಕಿ ಅದನ್ನೇ ಆರಿಸಿಕೊಂಡಿದ್ದೀರಿ. ಪರೀಕ್ಷೆ ಮಾಡಿದ್ದೇನೆ ಎಂದು ಎದೆ ತಟ್ಟಿಕೊಂಡ ಆ ಪ್ಯಾರಾ ಏನನ್ನೂ ಪರೀಕ್ಷಿಸಿಲ್ಲ.

ಲೆಕ್ಕ ಅಚ್ಚುಕಟ್ಟಾಗಿ ಬರಬೇಕೆಂಬ ಆಸೆಯಿದ್ದರೆ (18, 3) ತೆಗೆದುಕೊಳ್ಳಿ. ದೂರದ ವರ್ಗ 324 + 9, ಅಂದರೆ 333. ತೋಳುಗಳ ವರ್ಗಗಳ ಮೊತ್ತ 144 + 81 = 225. 225ರಿಂದ 333 ಕಳೆದರೆ ಋಣ 108; ಅದನ್ನು 2 × 12 × 9 = 216ರಿಂದ ಭಾಗಿಸಿದರೆ ಋಣ ಅರ್ಧ. ಒಳಕೋನ 120 ಡಿಗ್ರಿ, ಆದ್ದರಿಂದ ಮೊಣಕೈ ಬಾಗಬೇಕಾದದ್ದು 60 ಡಿಗ್ರಿ. ಭುಜದ ಕೋನವನ್ನು ನಿಮ್ಮ ವಿಧಾನದಲ್ಲೇ ತೆಗೆದರೆ ಋಣ 15.8 ಡಿಗ್ರಿ ಬರುತ್ತದೆ, ಅಂದರೆ ಮೊದಲ ತೋಳು ಸಮತಲದಿಂದ ಸ್ವಲ್ಪ ಕೆಳಕ್ಕೆ ವಾಲುತ್ತದೆ. ಭುಜವನ್ನು ಅಲ್ಲೇ ಬಿಟ್ಟು ಮೊಣಕೈಗೆ 60ರ ಬದಲು 120 ಕೊಟ್ಟರೆ ಬೆರಳತುದಿ ಹೋಗಿ ನಿಲ್ಲುವುದು (9.3, 5.5)ರ ಹತ್ತಿರ. ಹದಿನೆಂಟಕ್ಕಿಂತ ಚೂರು ಹೆಚ್ಚು ದೂರ ಚಾಚಬೇಕಾದ ಕೈ ಹನ್ನೊಂದನ್ನೂ ಮುಟ್ಟಲಿಲ್ಲ. ನಿಮ್ಮ ಗೆಳೆಯ ಕಂಡದ್ದೂ ಇಂಥದ್ದನ್ನೇ ಇರಬೇಕು.

ಗುರಿಯನ್ನು ಇನ್ನೂ ದೂರ ಇಟ್ಟು ನೋಡಿ, ಈ ತಪ್ಪಿನ ಗುಣ ಬಯಲಾಗುತ್ತದೆ: ಗುರಿ ದೂರವಾದಷ್ಟೂ ಕೈ ಹತ್ತಿರಕ್ಕೆ ಮಡಚಿಕೊಳ್ಳುತ್ತದೆ. 21 ಸೆಂಟಿಮೀಟರ್ ಕೇಳಿದರೆ ಒಳಕೋನ 180. ಅದನ್ನೇ ಮೋಟಾರಿಗೆ ಕೊಟ್ಟರೆ ಎರಡನೆಯ ತೋಳು ಮೊದಲನೆಯದರ ಮೇಲೆ ಬಂದು ಮಲಗುತ್ತದೆ, ಬೆರಳತುದಿ ಭುಜದಿಂದ ಬರೀ 3 ಸೆಂಟಿಮೀಟರಿನಲ್ಲಿ ಉಳಿಯುತ್ತದೆ.

ಇದು ನನಗೆ ಹೇಗೆ ಗೊತ್ತು ಎಂದರೆ, ಹೀಗೆ ಮಲಗಿದ ಕೈಯನ್ನು ನಾನೇ ಕಂಡಿದ್ದೇನೆ. ಪತ್ರಿಕೆಗೆ ಬರುವ ಮುಂಚೆ ಎರಡು ವರ್ಷ ಬೈಕಂಪಾಡಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ತರಬೇತಿಗಿದ್ದೆ. ಪ್ಲೈವುಡ್ ಕೊರೆದು ಇಂಥದ್ದೇ ಕೈ ಮಾಡಿ, ಫೋರ್‌ಮನ್ನರನ್ನು ಕರೆದು, ಪೂರ್ತಿ ಚಾಚುವ ಆಜ್ಞೆ ಕೊಟ್ಟೆ. ಕೈ ಗಿರ್ರನೆ ಹಿಂದಕ್ಕೆ ತಿರುಗಿ ಅವರ ಚಹಾದ ಗ್ಲಾಸನ್ನು ಹೊಡೆದು ಬೀಳಿಸಿತು. ನಾನೂ ಮೋಟಾರನ್ನೇ ಬೈದೆ. ಅವರು ಬೈಯಲಿಲ್ಲ. ಜೇಬಿನಿಂದ ಬಡಗಿಗಳ ಮಡಚುವ ಅಡಿಕೋಲು ತೆಗೆದು, ಒಂದು ಕೀಲನ್ನು ಪೂರ್ತಿ ಬಿಚ್ಚಿ ನನ್ನ ಮುಖದ ಮುಂದೆ ಹಿಡಿದರು.

"ಇದು ಈಗ ಎಷ್ಟು ಮಡಚಿದೆ?"

"ಮಡಚಿಲ್ಲ. ಸೊನ್ನೆ."

"ನಿನ್ನ ಲೆಕ್ಕ ಎಷ್ಟು ಅನ್ನುತ್ತದೆ ಮಾರಾಯ?"

"ನೂರ ಎಂಬತ್ತು."

ಅವರು ಅಡಿಕೋಲನ್ನು ನನ್ನ ಕೈಗಿಟ್ಟು ಇನ್ನೊಂದು ಚಹಾ ಹೇಳಲು ಹೋದರು. ಅದನ್ನು ಬಿಚ್ಚುತ್ತಾ ಮಡಚುತ್ತಾ ಅರ್ಧ ಗಂಟೆ ಅಲ್ಲೇ ಕೂತಿದ್ದೆ. ಅಂದಿನಿಂದ ತೋಳನ್ನು ಮುಂದಕ್ಕೆ ಎಳೆದ ಚುಕ್ಕಿಗೆರೆ ಇಲ್ಲದ ಚಿತ್ರ ಕಂಡರೆ ನನಗೆ ಸಹಿಸಲಾಗುವುದಿಲ್ಲ. ನಿಮ್ಮ ಮೂರು ಚಿತ್ರಗಳಲ್ಲಿ ಒಂದರಲ್ಲೂ ಅದಿಲ್ಲ.

ಎರಡನೆಯ ತಕರಾರು ಮೂರನೆಯ ಪುಟದ ಒಂದೇ ವಾಕ್ಯದ ಮೇಲೆ. "(9, 12)ನ್ನು ಮುಟ್ಟಲು ಭುಜ 16.26 ಡಿಗ್ರಿ, ಮೊಣಕೈ 90 ಡಿಗ್ರಿ ತಿರುಗಬೇಕು. ಇದಲ್ಲದೆ ಬೇರೆ ದಾರಿಯಿಲ್ಲ." ನಿಮ್ಮ ಸಂಖ್ಯೆಗಳು ಸರಿ. ಬೇರೆ ದಾರಿಯಿಲ್ಲವೇ? ಮೊದಲ ತೋಳನ್ನು ಕಂಬದ ಹಾಗೆ ನೆಟ್ಟಗೆ ಮೇಲಕ್ಕೆ ನಿಲ್ಲಿಸಿ: 12 ಸೆಂಟಿಮೀಟರ್ ಎತ್ತರ ಆಯಿತು. ಎರಡನೆಯದನ್ನು ಮುಂದಕ್ಕೆ ಅಡ್ಡಲಾಗಿ ಬಾಗಿಸಿ: 9 ಸೆಂಟಿಮೀಟರ್ ಆಯಿತು. ಬಂದಿರಿ. ಭುಜ 90, ಮೊಣಕೈ ಋಣ 90. ಇದಕ್ಕೆ ಕೊಸೈನೂ ಬೇಡ, ಕ್ಯಾಲ್ಕುಲೇಟರೂ ಬೇಡ; ನಿಮ್ಮದೇ ಉದಾಹರಣೆಯ ಎರಡು ಸಂಖ್ಯೆಗಳನ್ನು ಒಮ್ಮೆ ದಿಟ್ಟಿಸಿದ್ದರೆ ಸಾಕಿತ್ತು.

ನಿಮ್ಮನ್ನು ದಾರಿ ತಪ್ಪಿಸಿದ್ದು `acos`. ಅದು 0ಯಿಂದ 180ರವರೆಗಿನ ಒಂದು ಕೋನವನ್ನಷ್ಟೇ ಹಿಂತಿರುಗಿಸುತ್ತದೆ, ಆದರೆ 60 ಮತ್ತು ಋಣ 60ರ ಕೊಸೈನ್ ಎರಡೂ ಅರ್ಧವೇ. ಮೂರು ಬಾಹುಗಳಿಂದ ಕಟ್ಟಿದ ತ್ರಿಕೋನವನ್ನು ಭುಜದಿಂದ ಗುರಿಗೆ ಎಳೆದ ಗೆರೆಯ ಕೆಳಗೂ ಇಡಬಹುದು, ಮಗುಚಿ ಮೇಲೂ ಇಡಬಹುದು. ಕೊಸೈನ್ ನಿಯಮಕ್ಕೆ ಬಾಹುಗಳ ಉದ್ದ ಗೊತ್ತೇ ಹೊರತು ಅದು ಯಾವ ಮಗ್ಗುಲಲ್ಲಿ ಮಲಗಿದೆ ಎಂಬುದು ಗೊತ್ತಿಲ್ಲ. ಕಾರ್ಖಾನೆಗಳಲ್ಲಿ ಚಿಕ್ಕ ಬಿಡಿಭಾಗ ಜೋಡಿಸುವ ಸ್ಕಾರಾ ರೋಬೋಟುಗಳಲ್ಲಿ ಇದೇ ಎರಡು ತೋಳುಗಳು ಸಮತಲದಲ್ಲಿ ಓಡಾಡುತ್ತವೆ. ಎಡಗೈ ಭಂಗಿಯಲ್ಲಿ ಹೋಗಬೇಕೋ ಬಲಗೈ ಭಂಗಿಯಲ್ಲೋ ಎಂದು ಅವುಗಳಿಗೆ ಹೇಳಿಕೊಡಬೇಕಾದದ್ದು ಈ ಕಾರಣಕ್ಕೇ. ಕೈ ಪೂರ್ತಿ ಚಾಚಿದಾಗ ಅಥವಾ ಪೂರ್ತಿ ಮಡಚಿದಾಗ ಮಾತ್ರ ತ್ರಿಕೋನ ಚಪ್ಪಟೆಯಾಗಿ ಎರಡೂ ಉತ್ತರ ಒಂದಾಗುತ್ತವೆ. ಅದಕ್ಕಿಂತ ಆಚೆಗೆ, ಅಂದರೆ ದೂರ 21ನ್ನು ದಾಟಿದರೆ ಅಥವಾ 3ಕ್ಕಿಂತ ಕಡಿಮೆಯಾದರೆ, ತ್ರಿಕೋನವೇ ಇಲ್ಲ. `acos` ಕೂಡ ಕೈಚೆಲ್ಲುತ್ತದೆ.

ಯಾವ ಉತ್ತರವಾದರೇನು, ಮುಟ್ಟಿದರಾಯಿತು ಎನ್ನುವಂತಿಲ್ಲ. ನಿಮ್ಮ ಭುಜದ ಕೀಲು ಮೇಜಿನಿಂದ 3 ಸೆಂಟಿಮೀಟರ್ ಎತ್ತರದಲ್ಲಿದೆ ಎಂದು ಮೊದಲ ಪುಟದಲ್ಲಿ ಬರೆದಿದ್ದೀರಿ. (18, 3)ಕ್ಕೆ ಮೇಲೆ ತೆಗೆದ ಉತ್ತರದಲ್ಲಿ 12 ಸೆಂಟಿಮೀಟರಿನ ತೋಳು 15.8 ಡಿಗ್ರಿ ಕೆಳಕ್ಕೆ ವಾಲುತ್ತದೆ, ಮೊಣಕೈ ಭುಜಕ್ಕಿಂತ 3.3 ಸೆಂಟಿಮೀಟರ್ ಕೆಳಗಿಳಿಯಬೇಕು. ಅಂದರೆ ಮೇಜಿನೊಳಗೆ. ಕಾಗದದ ಮೇಲೆ ಸರಿಯಾದ ಈ ಉತ್ತರ ನಿಮ್ಮ ಮೇಜಿನ ಮೇಲೆ ನಡೆಯುವುದಿಲ್ಲ. ಇನ್ನೊಂದರಲ್ಲಿ ಭುಜ 34.7 ಡಿಗ್ರಿ ಮೇಲಕ್ಕೆ, ಮೊಣಕೈ ಋಣ 60. ಮೊಣಕೈ ಮೇಜಿನಿಂದ ಒಂಬತ್ತು ಸೆಂಟಿಮೀಟರಿಗಿಂತ ಎತ್ತರದಲ್ಲಿ ನಿರಾಳವಾಗಿ ನಿಲ್ಲುತ್ತದೆ. "ಬೇರೆ ದಾರಿಯಿಲ್ಲ" ಎಂದು ನೀವು ಹೊಡೆದುಹಾಕಿದ ದಾರಿಯೇ ಇಲ್ಲಿ ಉಳಿದ ಒಂದೇ ದಾರಿ.

ತಿದ್ದುವಾಗ ಒಂದು ಅಪಾಯವಿದೆ, ಈಗಲೇ ಹೇಳಿಬಿಡುತ್ತೇನೆ. ಒಂದು ಉತ್ತರದ ಭುಜವನ್ನು ಇನ್ನೊಂದರ ಮೊಣಕೈಯೊಂದಿಗೆ ಜೋಡಿಸುವುದು. ಭುಜ 34.7 ಇಟ್ಟು ಮೊಣಕೈಗೆ ಧನ 60 ಕೊಟ್ಟರೆ ಬೆರಳತುದಿ ಭುಜದಿಂದ ಸರಿಯಾದ ದೂರದಲ್ಲೇ ಇರುತ್ತದೆ, ಆದರೆ ಗುರಿಯ ದಿಕ್ಕಿನಿಂದ ಐವತ್ತು ಡಿಗ್ರಿ ಮೇಲಕ್ಕೆ. ಹಾಗಾಗಿ ಕೈ ತಪ್ಪಿದಾಗ ಮೊದಲು ಟೇಪು ಹಿಡಿದು ಭುಜದಿಂದ ಬೆರಳತುದಿಗೆ ಅಳೆಯಿರಿ. ದೂರವೇ ತಪ್ಪಿದ್ದರೆ ಒಳಕೋನ ಹೊರಕೋನಗಳ ಗೊಂದಲವನ್ನು ಹುಡುಕಿ. ದೂರ ಸರಿಯಿದ್ದು ದಿಕ್ಕು ಮಾತ್ರ ತಪ್ಪಿದ್ದರೆ ಚಿಹ್ನೆಗಳನ್ನು ನೋಡಿ. ಮೋಟಾರನ್ನು ಬೈಯುವುದು ಆಮೇಲೆ.

ನಿಮ್ಮ ಸಾಲುಗಳ ಬದಲಿಗೆ ನಾನಾದರೆ ಹೀಗೆ ಬರೆಯುತ್ತಿದ್ದೆ:

```
c  = (x*x + y*y - L1*L1 - L2*L2) / (2*L1*L2)
t2 = -acos(c)
t1 = atan2(y, x) - atan2(L2*sin(t2), L1 + L2*cos(t2))
```

ಅಂಶದಲ್ಲಿ ಚಿಹ್ನೆಗಳು ತಿರುಗಿವೆ, ಅಷ್ಟೇ. ಅದರಿಂದ ಹೊರಕೋನ ನೇರವಾಗಿ ಸಿಗುತ್ತದೆ, 180ರಿಂದ ಕಳೆಯುವ ಕೆಲಸವಿಲ್ಲ. ಎರಡನೆಯ ಸಾಲಿನ ಋಣ ಚಿಹ್ನೆ ಮೊಣಕೈಯನ್ನು ಮೇಲಿಡುತ್ತದೆ. ಅದನ್ನು ತೆಗೆದರೆ ಭುಜದ ಕೋನ ತಾನಾಗಿಯೇ ಜೊತೆಗೆ ಬದಲಾಗುತ್ತದೆ, ಏಕೆಂದರೆ ಮೂರನೆಯ ಸಾಲು `t2`ವನ್ನೇ ಕೇಳಿ ಲೆಕ್ಕ ಹಾಕುತ್ತದೆ. ಬರುವ ಕೋನಗಳು ರೇಡಿಯನ್‌ನಲ್ಲಿ, ಮೋಟಾರಿಗೆ ಕೊಡುವ ಮುಂಚೆ ಡಿಗ್ರಿಗೆ ಬದಲಿಸಿಕೊಳ್ಳಿ.

ಉಳಿದ ಪುಟಗಳ ಬಗ್ಗೆ ನಾನೇನೂ ಹೇಳುವುದಿಲ್ಲ. ಕೊನೆಯ ಪುಟದ ಭವಿಷ್ಯದ ರೋಬೋಟುಗಳ ವರ್ಣನೆಯನ್ನು ಓದದೆ ದಾಟಿದೆ, ನೀವೂ ದಾಟಬಹುದು. (9, 12)ನ್ನು ಕಿತ್ತುಹಾಕಬೇಡಿ, ಅದು ಹೇಗೆ ಮೋಸ ಮಾಡಿತು ಎಂಬುದನ್ನೇ ಬರೆಯಿರಿ, ಆಮೇಲೆ (18, 3)ಕ್ಕೆ ಬನ್ನಿ. ಚಿತ್ರವನ್ನು ಹೊಸದಾಗಿ ಬರೆದು ಕಳುಹಿಸಿ: ಚುಕ್ಕಿಗೆರೆ ಇರಲಿ, ಎರಡು ಮೊಣಕೈಗಳೂ ಇರಲಿ, ಕೆಳಗೆ ಮೇಜೂ ಇರಲಿ.